ಆ ದುಡ್ಡು ಎಲ್ಲಿಂದ ಬರುತ್ತೆ? ನೆಟ್‌ವರ್ಕ್ ಮಾರ್ಕೆಟಿಂಗ್ ಪ್ಲಾನ್ ಓದೋದು ಹೇಗೆ

ನಾನು ಕೋಲ್ಕತ್ತದ ಜೋಕಾದಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ನೆಟ್‌ವರ್ಕ್ ಮಾರ್ಕೆಟಿಂಗ್. ಎಲ್ಲ ನೆಟ್‌ವರ್ಕ್ ಮಾರ್ಕೆಟಿಂಗೂ ಮೋಸ ಅಂತ ಹೇಳೋಕೆ ನಾನು ಬಂದಿಲ್ಲ. ಯಾವುದು ಸಾಮಾನು ಮಾರಿ ದುಡಿಯುತ್ತೆ, ಯಾವುದು ಜನರನ್ನ ಸೇರಿಸಿ ದುಡಿಯುತ್ತೆ, ಈ ಎರಡನ್ನ ಒಂದು ಪೇಪರ್ ಪೆನ್ನು ಇಟ್ಕೊಂಡು ಬೇರೆ ಮಾಡೋದು ಹೇಗೆ ಅನ್ನೋದಷ್ಟೇ ಇವತ್ತಿನ ಮಾತು.

ಊರು ಬಿಟ್ಟು ಬಂದ ನಮ್ಮಂಥವರಿಗೆ ಇದನ್ನ ಯಾಕೆ ಹೇಳ್ಬೇಕು ಅಂದ್ರೆ, ಈ ಪ್ಲಾನ್‌ಗಳು ನಮ್ಮ ಹತ್ರ ಬರೋ ದಾರಿಯೇ ಬೇರೆ. ಇಲ್ಲಿ ಡೈಮಂಡ್ ಹಾರ್ಬರ್ ರೋಡಲ್ಲಿ ಇಡೀ ದಿನ ಬಂಗಾಳಿ ಕೇಳಿ ಕೇಳಿ, ಸಂಜೆ ಯಾರೋ ಒಬ್ಬರು "ನೀವು ಕನ್ನಡದವರಾ ಸರ್?" ಅಂದ್ರೆ ಸಾಕು, ಮನಸ್ಸು ಅರ್ಧ ಕರಗಿಬಿಡುತ್ತೆ. ಪುಣೆಯಲ್ಲಿದ್ರೂ ಅಷ್ಟೇ, ಹೈದರಾಬಾದಲ್ಲಿದ್ರೂ ಅಷ್ಟೇ. ಹೊಸದಾಗಿ ಸೇರಿದವರಿಗೆ ಅಪ್‌ಲೈನ್ ಕೊಡೋ ಮೊದಲ ಕೆಲಸ ಏನು ಗೊತ್ತಾ? ಗೊತ್ತಿರೋ ನೂರು ಜನರ ಹೆಸರು ಬರಿ ಅಂತ. ಕಾಲೇಜಿನವರು, ಹಳೇ ಟೀಮಿನವರು, ರೂಮ್‌ಮೇಟು, ಭಾವಮೈದ, ಎಲ್ಲರೂ ಆ ಪಟ್ಟಿಯಲ್ಲಿ ಇರ್ತಾರೆ. ಅಂದ್ರೆ ನಮಗೆ ಫೋನ್ ಬಂದಾಗ ಆ ಕಡೆ ಇರೋದು ವಂಚಕನಲ್ಲ, ನಮ್ಮ ಗೆಳೆಯ. ಅವನಿಗೂ ಅದು ನಿಜ ಅಂತಲೇ ಅನಿಸಿರುತ್ತೆ. ಹಾಗಾಗಿ ಮನುಷ್ಯನ ಮುಖ ನೋಡಿ ತೀರ್ಮಾನ ಮಾಡೋಕೆ ಆಗಲ್ಲ, ಪ್ಲಾನನ್ನೇ ನೋಡ್ಬೇಕು.

ಸರಿ, ಒಂದು ಪ್ಲಾನ್ ತಗೊಳ್ಳೋಣ. ಇದು ಯಾವ ಕಂಪನಿಯದ್ದೂ ಅಲ್ಲ, ಲೆಕ್ಕಕ್ಕೋಸ್ಕರ ನಾನೇ ಕಟ್ಟಿದ್ದು. ಆದ್ರೆ ನಿಮಗೆ ಯಾರಾದ್ರೂ ಬೋರ್ಡ್ ಮೇಲೆ ಬರೆದು ತೋರಿಸಿದ್ರೆ ಇದೇ ಆಕಾರದಲ್ಲಿ ಇರುತ್ತೆ. ನೀವು 30,000 ರೂಪಾಯಿ ಕೊಟ್ಟು ಒಂದು ಪ್ರಾಡಕ್ಟ್ ತಗೋಬೇಕು. ವಾಚು, ಆರೋಗ್ಯದ ಲಾಕೆಟ್ಟು, ಹಾಲಿಡೇ ಪ್ಯಾಕೇಜು, ಏನೋ ಒಂದು. ಅಲ್ಲಿಗೆ ನಿಮಗೆ ಒಂದು ಐಡಿ ಸಿಗುತ್ತೆ. ಆ ಐಡಿಗೆ ಎರಡು ಕಾಲು, ಎಡಗಡೆ ಒಂದು, ಬಲಗಡೆ ಒಂದು. ನೀವು ಸೇರಿಸಿದವರು, ಅವರು ಸೇರಿಸಿದವರು ಎಲ್ಲ ಈ ಎರಡು ಕಾಲಿನ ಕೆಳಗೆ ಬರ್ತಾರೆ. ಎಡಕ್ಕೆ 3, ಬಲಕ್ಕೆ 3 ಆದಾಗ ನಿಮಗೆ 12,000 ಚೆಕ್. ಮತ್ತೆ 3 ಮತ್ತು 3 ಆದಾಗ ಇನ್ನೊಂದು 12,000. "ಮೂರು ಚೆಕ್ ಬಂದ್ರೆ ಹಾಕಿದ ದುಡ್ಡು ವಾಪಸ್, ಆಮೇಲೆ ಬರೋದೆಲ್ಲ ಲಾಭ" ಅಂತಾರೆ. ಕೇಳೋಕೆ ಸಲೀಸಾಗಿದೆ.

ನಾವು ಸಾಫ್ಟ್‌ವೇರ್‌ನವರು, ಇದನ್ನ ನೋಡಿದ ತಕ್ಷಣ ಗೊತ್ತಾಗುತ್ತೆ, ಇದು ಬೈನರಿ ಟ್ರೀ. ಹಾಗಾದ್ರೆ ಒಬ್ಬ ಮನುಷ್ಯನ ಕಥೆ ಬಿಟ್ಟು ಇಡೀ ಮರವನ್ನ ಒಟ್ಟಿಗೆ ನೋಡೋಣ. ಮರ 10 ಹಂತ ತುಂಬಿದೆ ಅಂದ್ಕೊಳ್ಳಿ. ಮೇಲೆ ಒಬ್ಬ, ಅವನ ಕೆಳಗೆ 2, ಆಮೇಲೆ 4, 8, ಹೀಗೆ ಕೊನೆಯ ಹಂತದಲ್ಲಿ 512. ಒಟ್ಟು 1,023 ಜನ.

ಈಗ ಕೆಳಗಿಂದ ಮೇಲಕ್ಕೆ ಬನ್ನಿ. ಕೊನೆಯ ಹಂತದ 512 ಜನರ ಕೆಳಗೆ ಯಾರೂ ಇಲ್ಲ, ಅವರಿಗೆ ಸೊನ್ನೆ. ಅದರ ಮೇಲಿನ 256 ಜನರಿಗೆ ಎಡಕ್ಕೊಬ್ಬ, ಬಲಕ್ಕೊಬ್ಬ ಇದ್ದಾನೆ. 3 ಆಗಿಲ್ಲ, ಅವರಿಗೂ ಸೊನ್ನೆ. ಇಲ್ಲಿಗೆ 768 ಜನ, ಅಂದ್ರೆ ನಾಲ್ಕರಲ್ಲಿ ಮೂರು ಪಾಲು ಜನರಿಗೆ ಒಂದು ರೂಪಾಯಿಯೂ ಇಲ್ಲ. ಅದರ ಮೇಲಿನ 128 ಜನರಿಗೆ ಒಂದೊಂದು ಚೆಕ್, 12,000. ಅದಕ್ಕಿಂತ ಮೇಲಿನ 64 ಜನರಿಗೆ ಪ್ರತಿ ಕಾಲಲ್ಲೂ 7 ಜನ ಇದ್ದಾರೆ, ಎರಡು ಚೆಕ್, 24,000. ಹಾಕಿದ್ದು 30,000, ಅವರಿಗೂ ಇನ್ನೂ 6,000 ಬಾಕಿ. ಲಾಭ ಶುರುವಾಗೋದು ಅದಕ್ಕೂ ಮೇಲೆ. ಅಲ್ಲಿ ಉಳಿದಿರೋದು ಎಷ್ಟು ಜನ? 63. ನಂಬಿಕೆ ಬರದಿದ್ರೆ ಇದನ್ನ ನೀವೇ ರನ್ ಮಾಡಿ ನೋಡಿ:

```python
levels, fee, cheque = 10, 30000, 12000

def income(h):
    return (2**h - 1) // 3 * cheque

win = sum(2**(levels - 1 - h)
          for h in range(levels) if income(h) > fee)
print(win, 2**levels - 1)   # 63 1023
```

ಇಲ್ಲಿ `h` ಅಂದ್ರೆ ಒಬ್ಬರ ಕೆಳಗೆ ಎಷ್ಟು ಹಂತ ತುಂಬಿದೆ ಅನ್ನೋದು. 1,023 ಜನರಲ್ಲಿ 63 ಜನ ಗೆದ್ದರು, 960 ಜನ ಕಳ್ಕೊಂಡರು. ಈಗ `levels` ಅನ್ನ 10ರಿಂದ 15 ಮಾಡಿ, 20 ಮಾಡಿ. ಗೆದ್ದವರ ಸಂಖ್ಯೆ ಏರುತ್ತೆ, ಆದ್ರೆ ಪಾಲು ಅಲ್ಲೇ ನಿಂತಿರುತ್ತೆ, ನೂರಕ್ಕೆ ಆರು ಚಿಲ್ಲರೆ. ಇದು ಇವತ್ತಿನ ಮಾತಿನ ಮುಖ್ಯ ಭಾಗ, ದಯವಿಟ್ಟು ಗಮನ ಕೊಡಿ. "ಇನ್ನೂ ಶುರು ಅಷ್ಟೇ ಗುರು, ಬೆಳೆದ ಮೇಲೆ ಎಲ್ಲರಿಗೂ ಸಿಗುತ್ತೆ" ಅಂತಾರಲ್ಲ, ಅದು ಸುಳ್ಳು ಅನ್ನೋದು ಇಲ್ಲೇ ಗೊತ್ತಾಗುತ್ತೆ. ಮರ ಬೆಳೆದ್ರೆ ಸೋತವರೂ ಅಷ್ಟೇ ವೇಗದಲ್ಲಿ ಬೆಳೀತಾರೆ.

ನಿಜವಾದ ಮರ ಇಷ್ಟು ಚಂದವಾಗಿ ಎರಡೂ ಕಡೆ ತುಂಬಲ್ಲ, ಅದು ಒಂದು ಕಡೆಗೆ ವಾಲಿರುತ್ತೆ, ಆಗ ಲೆಕ್ಕ ಬದಲಾಗಲ್ವಾ ಅಂತ ನೀವು ಕೇಳಬಹುದು. ಒಳ್ಳೆ ಪ್ರಶ್ನೆ. ಬದಲಾಗುತ್ತೆ, ಆದ್ರೆ ಒಂದು ಗೋಡೆ ಇದೆ. ಈ ಪ್ಲಾನಲ್ಲಿ ಲಾಭ ಬರ್ಬೇಕಾದ್ರೆ ಎಡಕ್ಕೆ 9, ಬಲಕ್ಕೆ 9 ಬೇಕು. ಒಂದು ಕಾಲಲ್ಲಿರೋ ಜನರನ್ನ ಮೇಲಿನವರೂ ಕೆಳಗಿನವರೂ ಹಂಚಿಕೊಂಡು ಎಣಿಸಬಹುದು. ಎರಡೂ ಕಾಲನ್ನ ಹಾಗೆ ಎಲ್ಲರೂ ಹಂಚಿಕೊಳ್ಳೋಕೆ ಆಗಲ್ಲ, ಯಾಕಂದ್ರೆ ಮರ ಎಲ್ಲೋ ಒಂದು ಕಡೆ ಮುಗೀಬೇಕು. ಬಿಡಿಸಿ ನೋಡಿದ್ರೆ, ಗೆದ್ದ ಪ್ರತಿಯೊಬ್ಬನಿಗೂ ಅವನ ಪಾಲಿನವರು ಅಂತ ಕನಿಷ್ಠ 9 ಜನ ಸೋತವರು ಬೇಕು. ಮರಕ್ಕೆ ಯಾವ ಆಕಾರ ಕೊಟ್ರೂ 10ರಲ್ಲಿ ಒಬ್ಬರಿಗಿಂತ ಜಾಸ್ತಿ ಗೆಲ್ಲೋಕೆ ಸಾಧ್ಯವೇ ಇಲ್ಲ. ಇದು ಶ್ರಮದ ಮಾತಲ್ಲ. ಎಲ್ಲರೂ ಹಗಲು ರಾತ್ರಿ ದುಡಿದ್ರೂ ಉತ್ತರ ಇದೇ. "ಅವನು ಸೀರಿಯಸ್ಸಾಗಿ ಮಾಡ್ಲಿಲ್ಲ, ಅದಕ್ಕೇ ಸೋತ" ಅಂತ ಮೀಟಿಂಗಲ್ಲಿ ಹೇಳ್ತಾರಲ್ಲ, ಈ ಲೆಕ್ಕ ಗೊತ್ತಿದ್ರೆ ಆ ಮಾತಿಗೆ ಅರ್ಥವೇ ಇರಲ್ಲ.

ಇದಕ್ಕೆ ಬರೋ ದೊಡ್ಡ ಉತ್ತರ, "ದುಡ್ಡು ಹೋಯ್ತು ಅಂತ ಯಾಕೆ ಹೇಳ್ತೀರಾ, ಕೈಗೆ ಪ್ರಾಡಕ್ಟ್ ಬಂದಿದೆಯಲ್ಲ?" ಅಂತ. ನ್ಯಾಯವಾದ ಪ್ರಶ್ನೆ. ಆ ವಾಚು ನಿಜವಾಗಲೂ 30,000 ಬಾಳುತ್ತೆ ಅಂದ್ರೆ ಆ 960 ಜನ ಏನೂ ಕಳ್ಕೊಂಡಿಲ್ಲ, ಅವರು ವಾಚ್ ಕೊಂಡ ಗಿರಾಕಿಗಳು ಅಷ್ಟೇ. ಹಾಗಾದ್ರೆ ಬೆಲೆ ತಿಳಿಯೋದು ಹೇಗೆ? ಬ್ರೋಷರ್ ನೋಡಿ ಅಲ್ಲ. ಪ್ಯಾಕ್ ಒಡೆಯದ ಅದೇ ಮಾಲು ಓಎಲ್‌ಎಕ್ಸಲ್ಲಿ ಎಷ್ಟಕ್ಕೆ ಬಿದ್ದಿದೆ ನೋಡಿ. ಪ್ಲಾನಿಗೆ ಸೇರದೇ ಇರೋರು, ಅಂದ್ರೆ ಐಡಿ ಬೇಡ, ಚೆಕ್ ಬೇಡ, ವಸ್ತು ಮಾತ್ರ ಬೇಕು ಅನ್ನೋರು ಅದಕ್ಕೆ ಎಷ್ಟು ಕೊಡ್ತಾರೆ? ಅದೇ ಅದರ ಬೆಲೆ. ಉದಾಹರಣೆಗೆ 5,000 ಅಂತ ಗೊತ್ತಾಯ್ತು ಅಂದ್ಕೊಳ್ಳಿ. ಹಾಗಾದ್ರೆ ನೀವು ಕೊಟ್ಟಿದ್ದರಲ್ಲಿ 5,000 ವಾಚಿಗೆ, 25,000 ಐಡಿಗೆ. ಸೇರುವ ಶುಲ್ಕ ತಗೊಂಡಿಲ್ಲ ಅಂತ ಅವರು ಹೇಳಬಹುದು, ಆದ್ರೆ ಶುಲ್ಕ ವಾಚಿನ ಒಳಗೆ ಕೂತಿದೆ. ಎರಡು ಚೆಕ್ ತಗೊಂಡವರ ಲೆಕ್ಕಕ್ಕೆ ಈ 5,000 ಸೇರಿಸಿದ್ರೂ 29,000 ಆಗುತ್ತೆ, ಇನ್ನೂ 1,000 ಕಮ್ಮಿ. 960 ಅನ್ನೋ ಸಂಖ್ಯೆ ಅಲ್ಲಾಡಲ್ಲ.

ಈಗ ಇದರ ಪಕ್ಕದಲ್ಲಿ ನಿಜವಾದ ವ್ಯಾಪಾರವನ್ನ ಇಡೋಣ. ಮಧ್ಯೆ ಹಲವು ಹಂತ ಇದೆ ಅನ್ನೋದೇ ತಪ್ಪಲ್ಲ. ನಾವು ಅಂಗಡಿಯಲ್ಲಿ ಕೊಳ್ಳೋ ಸೋಪಿಗೂ ಕಂಪನಿ, ಡಿಸ್ಟ್ರಿಬ್ಯೂಟರ್, ಅಂಗಡಿ ಅಂತ ಹಂತ ಇದೆ, ಎಲ್ಲರಿಗೂ ಪಾಲು ಇದೆ. ಎಲ್‌ಐಸಿ ಏಜೆಂಟರ ಮೇಲೆ ಡೆವಲಪ್‌ಮೆಂಟ್ ಆಫೀಸರ್ ಇರ್ತಾರೆ, ಏಜೆಂಟರನ್ನ ಸೇರಿಸೋದು ಅವರ ಕೆಲಸದ ಭಾಗವೇ. ಆದ್ರೆ ಅಲ್ಲಿ ಪ್ರತಿ ಕಮಿಷನ್ನಿನ ಬೇರು ಒಂದು ಪಾಲಿಸಿಯ ಪ್ರೀಮಿಯಂ. ಪಾಲಿಸಿ ತಗೊಂಡವರು ಏಜೆಂಟ್ ಆಗೋಕೆ ತಗೊಂಡಿಲ್ಲ. ಒಬ್ಬ ಏಜೆಂಟ್ ಜೀವಮಾನದಲ್ಲಿ ಇನ್ನೊಬ್ಬ ಏಜೆಂಟನ್ನ ತರದೇ ಇದ್ರೂ ಮನೆ ನಡೆಸಬಹುದು.

ಇನ್ನೂ ಸಣ್ಣ ಉದಾಹರಣೆ ಬೇಕಾ? ಒಬ್ಬರು ಚಿಕ್ಕಮಗಳೂರಿಂದ ಕಾಫಿಪುಡಿ ತರಿಸಿ ಇಲ್ಲಿನ ಕನ್ನಡದವರ, ತಮಿಳರ ಮನೆಗಳಿಗೆ ಕೊಡ್ತಾರೆ ಅಂದ್ಕೊಳ್ಳಿ. ಕೆಜಿಗೆ 600ಕ್ಕೆ ತರಿಸಿ 700ಕ್ಕೆ ಮಾರ್ತಾರೆ. ತಿಂಗಳಿಗೆ 40 ಕೆಜಿ ಹೋದ್ರೆ 4,000 ರೂಪಾಯಿ. ಸಾಲ್ಟ್ ಲೇಕ್ ಕಡೆ ಮಾರೋಕೆ ಇನ್ನೊಬ್ಬರನ್ನ ಹಿಡಿದು, ಅವರು ಮಾರಿದ್ದಕ್ಕೆ ಕೆಜಿಗೆ 20 ರೂಪಾಯಿ ತಗೋತಾರೆ. ಇದೂ ಎರಡು ಹಂತದ ನೆಟ್‌ವರ್ಕೇ. ಆದ್ರೆ ಆ 20 ರೂಪಾಯಿ ಬಂದಿದ್ದು ಯಾರೋ ಬೆಳಿಗ್ಗೆ ಎದ್ದು ಕಾಫಿ ಕುಡಿದಿದ್ದರಿಂದ. ಹೊಸ ಮಾರಾಟಗಾರರು ಸೇರೋದು ಪೂರ್ತಿ ನಿಂತರೂ ಮುಂದಿನ ತಿಂಗಳು ಕಾಫಿ ಖಾಲಿ ಆಗುತ್ತೆ, ಮತ್ತೆ ಆರ್ಡರ್ ಬರುತ್ತೆ.

ಪರೀಕ್ಷೆ ಇಷ್ಟೇ. ಹೊಸಬರು ಸೇರೋ ಸಂಖ್ಯೆಯನ್ನ ಇವತ್ತಿಂದ ಸೊನ್ನೆ ಮಾಡಿ. ಮುಂದಿನ ತಿಂಗಳು ಇರೋರಿಗೆ ದುಡ್ಡು ಬರುತ್ತಾ? ಕಾಫಿಯವರಿಗೆ ಬರುತ್ತೆ. ವಾಚಿನವರಿಗೆ ಬರಲ್ಲ, ಒಂದು ಚೆಕ್ಕೂ ಬರಲ್ಲ, ಯಾಕಂದ್ರೆ ಅಲ್ಲಿ ಚೆಕ್ ಹುಟ್ಟೋದೇ ಹೊಸ ಐಡಿಯಿಂದ.

ಒಂದು ತೊಡಕಿನ ಜಾಗ ಇದೆ, ಅಲ್ಲಿ ಬುದ್ಧಿವಂತರೂ ಎಡವುತ್ತಾರೆ. ಕೆಲವು ಕಂಪನಿಗಳಲ್ಲಿ ಒಂದೇ ಸಲ 30,000 ಇಲ್ಲ. ಶಾಂಪೂ, ಪ್ರೋಟೀನ್ ಪೌಡರ್, ಟೂತ್‌ಪೇಸ್ಟ್ ಇರುತ್ತೆ. ತಿಂಗಳು ತಿಂಗಳು ಮಾಲು ಹೋಗ್ತಾನೂ ಇರುತ್ತೆ. ನೋಡಿದ್ರೆ ಕಾಫಿ ವ್ಯಾಪಾರದ ಥರಾನೇ. ಆದ್ರೆ ಕೊಳ್ಳೋರು ಯಾರು? ತಿಂಗಳಿಗೆ ಇಂತಿಷ್ಟು ಪಾಯಿಂಟ್ ಮಾಡದಿದ್ರೆ ಐಡಿ "ಆಕ್ಟಿವ್" ಇರಲ್ಲ, ಕೆಳಗಿನವರ ಕಮಿಷನ್ ಬರಲ್ಲ ಅನ್ನೋ ನಿಯಮ ಇದ್ರೆ, ಸದಸ್ಯರೇ ಕೊಳ್ತಾರೆ. ಮಂಚದ ಕೆಳಗೆ ಡಬ್ಬಗಳು ಸೇರ್ತಾ ಹೋಗುತ್ತೆ. ಕಂಪನಿಯ ಪುಸ್ತಕದಲ್ಲಿ ಅದು ಮಾರಾಟ, ನಿಜದಲ್ಲಿ ಅದು ಮಾಸಿಕ ಚಂದಾ.

ಅಮೆರಿಕದಲ್ಲಿ 2016ರ ಜುಲೈನಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಮತ್ತು ಹರ್ಬಲೈಫ್ ಕಂಪನಿ ನಡುವೆ ಒಂದು ಒಪ್ಪಂದ ಆಯ್ತು. ಕಂಪನಿ 20 ಕೋಟಿ ಡಾಲರ್ ಕಟ್ಟಿತು. ನಮಗೆ ಅದಕ್ಕಿಂತ ಉಪಯೋಗಕ್ಕೆ ಬರೋದು ಅದರ ಜೊತೆ ಹಾಕಿದ ಷರತ್ತು. ವಿತರಕರಿಗೆ ಕೊಡೋ ಕಮಿಷನ್ನಿನಲ್ಲಿ ಮೂರನೇ ಎರಡು ಪಾಲಾದ್ರೂ ದಾಖಲೆ ಇರೋ ಚಿಲ್ಲರೆ ಮಾರಾಟದಿಂದ ಬಂದಿರ್ಬೇಕು, ವಿತರಕರು ತಾವೇ ಬಳಸೋಕೆ ಕೊಂಡಿದ್ದರಿಂದ ಬರೋದು ಮೂರನೇ ಒಂದು ಪಾಲು ಮೀರಬಾರದು ಅಂತ. ಇದು ಅಮೆರಿಕದಲ್ಲಿ, ಆ ಒಂದು ಕಂಪನಿಗೆ ಹಾಕಿದ ಅಳತೆ, ನಮ್ಮ ಕಾನೂನಲ್ಲ. ಆದ್ರೂ ಅಳತೆಗೋಲಾಗಿ ಜೇಬಲ್ಲಿ ಇಟ್ಕೊಳ್ಳಿ. ನಿಮಗೆ ಪ್ಲಾನ್ ಹೇಳ್ತಿರೋ ಗೆಳೆಯನನ್ನ ಹೀಗೆ ಕೇಳಿ: "ಮಗಾ, ಹೋದ ತಿಂಗಳು ಐಡಿ ಇಲ್ಲದವರಿಗೆ ಎಷ್ಟು ಮಾರಿದೆ? ಅವರಲ್ಲಿ ಎಷ್ಟು ಜನ ಎರಡನೇ ಸಲ ಕೊಂಡರು?" ವ್ಯಾಪಾರ ಮಾಡೋನು ಇದಕ್ಕೆ ಬಾಯಿಪಾಠ ಉತ್ತರ ಕೊಡ್ತಾನೆ. ಇನ್ನೊಬ್ಬ ತನ್ನ ಅಪ್‌ಲೈನಿನ ಕಾರಿನ ಕಥೆ ಹೇಳ್ತಾನೆ.

ಈಗ ನಮ್ಮ ಕಾನೂನು. ನಮ್ಮಲ್ಲಿ 1978ರ ಒಂದು ಕೇಂದ್ರ ಕಾಯ್ದೆ ಇದೆ, ಪ್ರೈಜ್ ಚಿಟ್ಸ್ ಅಂಡ್ ಮನಿ ಸರ್ಕ್ಯುಲೇಷನ್ ಸ್ಕೀಮ್ಸ್ ನಿಷೇಧ ಕಾಯ್ದೆ ಅಂತ. ಇದರ ಅರ್ಥವನ್ನ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದ್ದು ಇದೇ ಕೋಲ್ಕತ್ತದ ಒಂದು ಕೇಸಲ್ಲಿ, 1982ರಲ್ಲಿ. ಸಂಚಯಿತಾ ಇನ್ವೆಸ್ಟ್‌ಮೆಂಟ್ಸ್ ಅನ್ನೋ ಸಂಸ್ಥೆ ಜನರಿಂದ ಠೇವಣಿ ತಗೊಂಡು ಭಾರಿ ಬಡ್ಡಿ ಕೊಡ್ತಿತ್ತು. ಪಶ್ಚಿಮ ಬಂಗಾಳ ಸರ್ಕಾರ ಈ ಕಾಯ್ದೆಯಡಿ ಕೇಸ್ ಹಾಕಿತು. ಸುಪ್ರೀಂ ಕೋರ್ಟ್ ಆ ಕೇಸ್ ನಿಲ್ಲಲ್ಲ ಅಂತು. ಜಾಸ್ತಿ ಬಡ್ಡಿ ಅನ್ನೋ ಒಂದೇ ಕಾರಣಕ್ಕೆ ಅದು ಮನಿ ಸರ್ಕ್ಯುಲೇಷನ್ ಆಗಲ್ಲ. ಸುಲಭದ ದುಡ್ಡು ಬರುತ್ತೆ ಅನ್ನೋ ಮಾತಿರ್ಬೇಕು, ಆ ದುಡ್ಡು ಸ್ಕೀಮಿಗೆ ಸದಸ್ಯರು ಸೇರೋದಕ್ಕೆ ಸಂಬಂಧಪಟ್ಟ ಯಾವುದೋ ಘಟನೆಯ ಮೇಲೆ ನಿಂತಿರ್ಬೇಕು, ಆಗಲೇ ಈ ಕಾಯ್ದೆ ಅನ್ವಯ ಆಗೋದು. ನೋಡಿ, ಕೋರ್ಟ್ ಹುಡುಕೋದೂ ಇದನ್ನೇ, ದುಡ್ಡು ಯಾವುದರ ಮೇಲೆ ನಿಂತಿದೆ ಅಂತ. ಬಂಗಾಳದಲ್ಲಿ 2013ರಲ್ಲಿ ಮುಳುಗಿದ ಶಾರದಾ ಕೂಡ ಠೇವಣಿ ಕಟ್ಟಿಸಿಕೊಂಡ ಹಗರಣ. ಅಲ್ಲೂ ದುಡ್ಡು ತಂದವರು ಅಕ್ಕಪಕ್ಕದ ಮನೆಯ ಏಜೆಂಟರೇ. ಆದ್ರೆ ಇಂಥದ್ದನ್ನ ಇವತ್ತಿನ ಲೆಕ್ಕದಿಂದ ಅಳೆಯೋಕೆ ಹೋಗ್ಬೇಡಿ, ಅದರ ಪ್ರಶ್ನೆಗಳೇ ಬೇರೆ.

ಈ ಕಾಯ್ದೆಯಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ಸ್ಕೀಮ್ ನಡೆಸೋ ಕಂಪನಿ ಮಾತ್ರ ಅಲ್ಲ, ಅದನ್ನ ಪ್ರಚಾರ ಮಾಡೋದು, ಸದಸ್ಯನಾಗಿ ಸೇರೋದು, ಅದರಲ್ಲಿ ಭಾಗವಹಿಸೋದೂ 3ನೇ ಕಲಮಿನ ಪ್ರಕಾರ ನಿಷಿದ್ಧ. 4ನೇ ಕಲಮಿನಲ್ಲಿ 3 ವರ್ಷದವರೆಗೆ ಜೈಲು ಇದೆ. ಅಂದ್ರೆ ನೀವು ದುಡ್ಡು ಕಳ್ಕೊಂಡಿದ್ರೂ, ನಿಮ್ಮ ಕೆಳಗೆ ನಾಲ್ಕು ಜನರನ್ನ ಸೇರಿಸಿದ್ರೆ ಕಾಗದದಲ್ಲಿ ನೀವು ಬರೀ ಸಂತ್ರಸ್ತ ಅಲ್ಲ. ಆ ನಾಲ್ವರು ದೂರು ಕೊಟ್ಟರೆ ಅವರಿಗೆ ಗೊತ್ತಿರೋ ಹೆಸರು ಕಂಪನಿಯ ಡೈರೆಕ್ಟರದ್ದಲ್ಲ, ನಿಮ್ಮದು.

ಇದು ನಮ್ಮ ಐಟಿ ಜನಕ್ಕೆ ದೂರದ ಮಾತಲ್ಲ. 2019ರ ಆಗಸ್ಟ್‌ನಲ್ಲಿ ಸೈಬರಾಬಾದ್ ಪೊಲೀಸರು ಕ್ಯೂನೆಟ್ ಹೆಸರಿನ ನೆಟ್‌ವರ್ಕ್ ವಿರುದ್ಧ 38 ಕೇಸು ಹಾಕಿ 70 ಜನರನ್ನ ಬಂಧಿಸಿದ್ದೇವೆ ಅಂತ ಹೇಳಿದ್ರು. ಭಾರತದಲ್ಲಿ ಅದರ ಫ್ರಾಂಚೈಸಿ ಆಗಿದ್ದದ್ದು ಬೆಂಗಳೂರಿನ ವಿಹಾನ್ ಡೈರೆಕ್ಟ್ ಸೆಲ್ಲಿಂಗ್. ದೂರು ಕೊಟ್ಟವರಲ್ಲಿ ಸಾಫ್ಟ್‌ವೇರ್‌ನವರೂ ಇದ್ದರು. ತಮ್ಮದು ಕಾನೂನುಬದ್ಧ ನೇರ ಮಾರಾಟ, ಮನಿ ಸರ್ಕ್ಯುಲೇಷನ್ ಅಲ್ಲ ಅಂತ ಕಂಪನಿ ಈ ಆರೋಪವನ್ನ ನಿರಾಕರಿಸಿದೆ. ಅದರ ತೀರ್ಪು ಹೇಳೋದು ಕೋರ್ಟಿನ ಕೆಲಸ, ನನ್ನದಲ್ಲ. ನಾನು ಹೇಳೋದು ಇಷ್ಟೇ, ಪೊಲೀಸರಿಗೂ ಕೋರ್ಟಿಗೂ ವರ್ಷಗಟ್ಟಲೆ ಹಿಡಿಯುತ್ತೆ, ನಿಮಗೆ ತೀರ್ಮಾನ ಮಾಡೋಕೆ ಇರೋದು ಒಂದು ಭಾನುವಾರದ ಮಧ್ಯಾಹ್ನ.

2021ರ ಡಿಸೆಂಬರ್ ಕೊನೆಯಲ್ಲಿ ನೇರ ಮಾರಾಟಕ್ಕೇ ಅಂತ ಗ್ರಾಹಕ ಸಂರಕ್ಷಣಾ ನಿಯಮಗಳು ಬಂದವು. ಅದರ ಪ್ರಕಾರ ನೇರ ಮಾರಾಟದ ಕಂಪನಿ ಪಿರಮಿಡ್ ಸ್ಕೀಮ್ ನಡೆಸೋ ಹಾಗಿಲ್ಲ. ಮಾರಾಟಗಾರರು ಗುರುತಿನ ಚೀಟಿ ಇಲ್ಲದೆ, ಮೊದಲೇ ಸಮಯ ಕೇಳದೆ ಮನೆಗೆ ಬರೋ ಹಾಗಿಲ್ಲ. ಹೀಗಿರುವಾಗ ಫೋನಲ್ಲಿ "ಕಂಪನಿ ಹೆಸರು ಈಗ ಬೇಡ, ಬಾ, ಸೀನಿಯರ್ ಎಲ್ಲ ಹೇಳ್ತಾರೆ" ಅಂದ್ರೆ ನೀವೇ ಯೋಚನೆ ಮಾಡಿ. ಕಾಫಿಪುಡಿ ಮಾರೋರು ಯಾರೂ ಕಾಫಿಯ ಹೆಸರು ಮುಚ್ಚಿಡಲ್ಲ. ಇನ್ನೊಂದು ಕಡೆ, "ನಮ್ಮದು ರಿಜಿಸ್ಟರ್ಡ್ ಕಂಪನಿ, ಜಿಎಸ್‌ಟಿ ಇದೆ" ಅಂತ ಸರ್ಟಿಫಿಕೇಟ್ ತೋರಿಸಿದ್ರೆ ಅದರಿಂದ ಏನೂ ಸಾಬೀತಾಗಲ್ಲ. ಕಂಪನಿ ಅಸ್ತಿತ್ವದಲ್ಲಿದೆ, ತೆರಿಗೆ ನಂಬರ್ ಇದೆ, ಅಷ್ಟೇ ಅದರ ಅರ್ಥ. ಪ್ಲಾನನ್ನ ಯಾರೂ ಪಾಸ್ ಮಾಡಿಲ್ಲ.

ಈಗಾಗಲೇ ಸೇರಿಬಿಟ್ಟಿರೋರು ಏನ್ಮಾಡ್ಬೇಕು? ಮೊದಲು ಒಪ್ಪಂದದ ಕಾಗದ ತೆಗೆದು ಕೂಲಿಂಗ್ ಆಫ್ ಅವಧಿ ಎಷ್ಟು ದಿನ ಅಂತ ನೋಡಿ. ಆ ದಿನಗಳ ಒಳಗೆ ದಂಡ ಇಲ್ಲದೆ ಹೊರಗೆ ಬರೋ ಅವಕಾಶ ಇರುತ್ತೆ. ಪ್ಯಾಕ್ ಒಡೀಬೇಡಿ. ಫೋನಲ್ಲಿ ಮಾತಾಡದೆ ಈಮೇಲಲ್ಲಿ ವಾಪಸಾತಿ ಕೇಳಿ. ದುಡ್ಡು ಅಪ್‌ಲೈನಿನ ಸ್ವಂತ ಖಾತೆಗೆ ಹೋಗಿದ್ರೆ ಆ ಟ್ರಾನ್ಸಾಕ್ಷನ್ ದಾಖಲೆ ಜೋಪಾನ ಮಾಡಿ. ಕಂಪನಿ ಉತ್ತರ ಕೊಡದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಎಲ್ಲಕ್ಕಿಂತ ಮುಖ್ಯ, ನಿಮ್ಮ 30,000 ವಾಪಸ್ ತರೋಕೆ ಅಂತ ಇನ್ನೊಬ್ಬರನ್ನ ಸೇರಿಸ್ಬೇಡಿ. ಎಲ್ಲರೂ ಜಾರೋದು ಇಲ್ಲೇ. "ಇನ್ನೊಂದು ಚೆಕ್ ಬಂದ್ರೆ ನಂದು ಸರಿಹೋಗುತ್ತೆ" ಅನ್ನೋ ಲೆಕ್ಕ ಮುಗಿಯೋ ಹೊತ್ತಿಗೆ ನಿಮ್ಮ ಕೆಳಗೆ 18 ಜನ ಇರ್ತಾರೆ. ಅವರೂ ಅದೇ ಮಾತು ಹೇಳ್ತಾ ಇರ್ತಾರೆ, ಅವರಲ್ಲಿ ಹೆಚ್ಚಿನವರು ನಿಮ್ಮ ಫೋನಿನ ಕಾಂಟ್ಯಾಕ್ಟ್ ಪಟ್ಟಿಯಿಂದಲೇ ಬಂದವರು.

ನಿಮಗೆ ಪ್ಲಾನ್ ತಂದ ಗೆಳೆಯನ ಜೊತೆ ಜಗಳ ಆಡ್ಬೇಡಿ. ಅವನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಅವನ ಪ್ಲಾನಿನ ಶುಲ್ಕ, ಚೆಕ್ಕಿನ ಮೊತ್ತ, ಎಷ್ಟಕ್ಕೆ ಎಷ್ಟು ಅನ್ನೋದನ್ನ ಮೇಲಿನ ಆರೇಳು ಸಾಲಿನ ಕೋಡಿಗೆ ಅವನ ಕೈಯಲ್ಲೇ ಹಾಕಿಸಿ. ಎಂಟರ್ ಒತ್ತೋಕೂ ಅವನಿಗೇ ಹೇಳಿ. ಉತ್ತರ ಬಂದ ಮೇಲೆ ನೀವು ಮಾತಾಡೋ ಅಗತ್ಯ ಇರಲ್ಲ.